ಎರಡನೇ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರ ಬೇಕೆ? ಆಡಳಿತ ಮಂಡಳಿಗೆ ಪತ್ರ ಹೀಗೆ ಬರೆಯಿರಿ

ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಸೊಂಟದ ಮೂಳೆ ಮುರಿದ ಎಪ್ಪತ್ತು ದಾಟಿದ ಅಜ್ಜಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಟ್ರಾಲಿಯ ಮೇಲೆ ಮಲಗಿಸಿದ್ದಾರೆ. ನೋವು ತಗ್ಗಿಸಲು ತೊಡೆಸಂದಿಯ ಬಳಿ ಅರಿವಳಿಕೆ ಮದ್ದು ಕೊಡಬೇಕು. ಸೂಜಿಯ ತುದಿ ಎಲ್ಲಿದೆ ಎಂದು ಪರದೆಯಲ್ಲಿ ನೋಡುತ್ತಲೇ ಕೊಡಬೇಕು. ಸಿರಿಂಜು ತುಂಬಿ ಸಿದ್ಧವಾಗಿದೆ, ಯಂತ್ರ ಮಾತ್ರ ಇಲ್ಲ. ಅದು ಮೇಲಿನ ಮಹಡಿಯ ತೀವ್ರ ನಿಗಾ ಘಟಕದಲ್ಲಿದೆ. ಅಲ್ಲಿ ಇನ್ನೊಬ್ಬ ರೋಗಿಯ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕುತ್ತಿದ್ದಾರೆ. ಅಜ್ಜಿ ಕಾಯುತ್ತಾರೆ, ಟ್ರಾಲಿ ಅಲುಗಿದಾಗಲೆಲ್ಲ ನರಳುತ್ತಾರೆ.

ನಾನು ಅರಿವಳಿಕೆ ವಿಭಾಗದ ಮುಖ್ಯಸ್ಥನಾಗಿ ಎರಡನೇ ಯಂತ್ರಕ್ಕೆ ಬರೆದ ಮೊದಲ ಪತ್ರದಲ್ಲಿ ಇಂಥ ಒಂದು ಸಂಗತಿಯೂ ಇರಲಿಲ್ಲ. ಅಲ್ಟ್ರಾಸೌಂಡ್ ಎಷ್ಟು ಉಪಯುಕ್ತ ಎಂದು ಎರಡು ಪುಟ ಬರೆದಿದ್ದೆ. ಆಡಳಿತ ಮಂಡಳಿ ಒಂದೇ ಪ್ರಶ್ನೆ ಕೇಳಿತು: ‘ಇರುವ ಯಂತ್ರ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ?’ ಸುಮಾರು ಮೂರು ಗಂಟೆ ಎಂದೆ. ಕಡತ ಅಲ್ಲಿಗೇ ಮುಚ್ಚಿತು.

ಆ ಪ್ರಶ್ನೆ ತಪ್ಪಲ್ಲ, ಆದರೆ ಅದರ ಉತ್ತರ ದಾರಿ ತಪ್ಪಿಸುತ್ತದೆ. ಪೋರ್ಟಬಲ್ ಯಂತ್ರದ ಕೊರತೆ ತಿಳಿಯಬೇಕಾದರೆ ಅದು ಓಡಿದ ಗಂಟೆಗಳನ್ನು ನೋಡಿದರೆ ಸಾಲದು. ಒಂದೇ ಹೊತ್ತಿಗೆ ಇಬ್ಬರಿಗೆ ಅದು ಬೇಕಾದ ಸಲಗಳನ್ನು ಎಣಿಸಬೇಕು. ಆದ್ದರಿಂದ ಪತ್ರಕ್ಕೆ ಕೈ ಹಾಕುವ ಮೊದಲು ನಾಲ್ಕು ವಾರ ಲೆಕ್ಕ ಬರೆದಿಡಿ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ನೋಟ್‌ಬುಕ್ಕನ್ನು ಯಂತ್ರಕ್ಕೇ ಕಟ್ಟಿಬಿಡುತ್ತಾರೆ. ಆಗ ಯಂತ್ರ ಸಿಕ್ಕವರು ಬರೆಯುತ್ತಾರೆ, ಸಿಗದವರು ಬರೆಯುವುದಿಲ್ಲ. ನಿಮಗೆ ಬೇಕಾದ ಲೆಕ್ಕವೇ ಕಳೆದುಹೋಗುತ್ತದೆ. ಯಂತ್ರ ಕೇಳುವ ಪ್ರತಿ ಜಾಗದಲ್ಲಿ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ, ತುರ್ತು ಚಿಕಿತ್ಸಾ ವಿಭಾಗ ಮೂರರಲ್ಲೂ, ಒಂದೊಂದು ನೋಟ್‌ಬುಕ್ ಇಡಿ. ಕೇಳಿದ ಸಮಯ, ಯಾವ ಕೆಲಸಕ್ಕೆ, ಸಿಕ್ಕಿತೇ, ಎಷ್ಟು ನಿಮಿಷ ಕಾಯಬೇಕಾಯಿತು, ಸಿಗದಿದ್ದರೆ ಏನು ಮಾಡಿದಿರಿ: ಇಷ್ಟೇ ಕಾಲಂ ಸಾಕು. ಇದಕ್ಕಿಂತ ಹೆಚ್ಚಾದರೆ ರಾತ್ರಿ ಪಾಳಿಯ ಸಿಸ್ಟರ್ ತುಂಬುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

ಬಂದ ಲೆಕ್ಕವನ್ನು ಓದುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. 28 ದಿನಗಳಲ್ಲಿ 212 ಸಲ ಯಂತ್ರ ಕೇಳಿದ್ದಾರೆ ಎಂದುಕೊಳ್ಳಿ. ತಳ್ಳಿಕೊಂಡು ಹೋಗುವುದು, ಬಳಸುವುದು, ಪ್ರೋಬ್ ಒರೆಸಿ ಸೋಂಕು ತೆಗೆಯುವುದು ಸೇರಿ ಸಲಕ್ಕೆ 25 ನಿಮಿಷ. ದಿನಕ್ಕೆ ಸುಮಾರು ಮೂರು ಗಂಟೆ. ಇಷ್ಟನ್ನೇ ನೋಡಿದರೆ ಯಂತ್ರ ಇಪ್ಪತ್ತೊಂದು ಗಂಟೆ ಖಾಲಿ. ಆದರೆ 37 ಸಲ ಕೇಳಿದಾಗ ಅದು ಬೇರೆಯವರ ಬಳಿ ಇತ್ತು, ಅದರಲ್ಲಿ 29 ಸಲ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ. ಕಾರಣ ಸರಳ: ಶಸ್ತ್ರಚಿಕಿತ್ಸೆಗಳು ಶುರುವಾಗುವುದೂ ನಿಗಾ ಘಟಕದ ರೌಂಡ್ಸ್ ಮುಗಿದು ನಳಿಕೆ ಹಾಕುವ ಕೆಲಸಗಳು ಬರುವುದೂ ಅದೇ ಹೊತ್ತಿಗೆ.

ಈಗ ಆ 37 ಸಲ ಏನಾಯಿತು ಎಂಬುದನ್ನು ಬಿಡಿಸಿ ಬರೆಯಿರಿ. 21 ಸಲ ಕಾದರು. ಕೊಠಡಿ, ಸರ್ಜನ್, ಸಿಬ್ಬಂದಿ ಎಲ್ಲರೂ ನಿಂತಿದ್ದರು. 7 ಸಲ ರೋಗಿಯನ್ನೇ ರೇಡಿಯಾಲಜಿಗೆ ಒಯ್ದರು. ವೆಂಟಿಲೇಟರ್‌ನಲ್ಲಿರುವ ರೋಗಿಯಾದರೆ ಜೊತೆಗೆ ವೈದ್ಯರು, ಸಿಸ್ಟರ್, ವಾರ್ಡ್ ಬಾಯ್ ಹೋಗಬೇಕು. ಉಳಿದ 9 ಸಲ ಯಂತ್ರವಿಲ್ಲದೆಯೇ ಮಾಡಿದರು. ಪತ್ರದ ಜೀವ ಈ ಒಂಬತ್ತರಲ್ಲಿದೆ. ಕುತ್ತಿಗೆಯ ರಕ್ತನಾಳಕ್ಕೆ ಬೆರಳಿನ ಅಂದಾಜಿನ ಮೇಲೆ ಸೂಜಿ ಹಾಕಿದರೆ ಅದು ಪಕ್ಕದ ಅಪಧಮನಿಗೆ ಚುಚ್ಚಬಹುದು, ಶ್ವಾಸಕೋಶಕ್ಕೂ ತಗಲಬಹುದು. ಈ ಕೆಲಸಕ್ಕೆ ಅಲ್ಟ್ರಾಸೌಂಡ್ ಬಳಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಶಿಫಾರಸು ಮಾಡಿದೆ. ಪತ್ರದಲ್ಲಿ ಈ ಒಂದು ಉಲ್ಲೇಖ ಸಾಕು. ಆ ಒಂಬತ್ತು ರೋಗಿಗಳ ಹೆಸರು ಬರೆಯಬೇಡಿ. ದಿನಾಂಕ, ಸಮಯ ಬರೆಯಿರಿ. ಯಾರಿಗೂ ಅಪಾಯವಾಗಿರದಿದ್ದರೆ ‘ಆಗಲಿಲ್ಲ’ ಎಂದೇ ಬರೆಯಿರಿ.

ಪತ್ರದ ಮೊದಲ ಪ್ಯಾರಾದಲ್ಲೇ ಕೋರಿಕೆ, ಮೊತ್ತ, ಕಾರಣ ಮೂರೂ ಬರಬೇಕು. ಹೀಗೆ:

‘ಮಾನ್ಯರೇ, ಶಸ್ತ್ರಚಿಕಿತ್ಸಾ ವಿಭಾಗದ ಬಳಕೆಗೆ ಎರಡನೇ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರವನ್ನು ರೂ. 14 ಲಕ್ಷದ ಮಿತಿಯಲ್ಲಿ ಖರೀದಿಸಲು ಅನುಮೋದನೆ ಕೋರುತ್ತೇನೆ. ಕಳೆದ 28 ದಿನಗಳಲ್ಲಿ 37 ಸಲ ಇರುವ ಯಂತ್ರ ಬೇರೆಡೆ ಬಳಕೆಯಲ್ಲಿದ್ದು, ಅದರಲ್ಲಿ 9 ಸಲ ಯಂತ್ರವಿಲ್ಲದೆ ಚಿಕಿತ್ಸೆ ಮಾಡಬೇಕಾಯಿತು. ದಿನವಹಿ ಲೆಕ್ಕ ಲಗತ್ತಿಸಿದೆ.’

ಮುಂದಿನ ಪ್ಯಾರಾ ವೆಚ್ಚದ್ದು. ಕೊಟೇಶನ್ನಿನ ಬೆಲೆಯನ್ನಷ್ಟೇ ಬರೆದರೆ ಲೆಕ್ಕಪತ್ರ ವಿಭಾಗ ಉಳಿದದ್ದನ್ನು ಹುಡುಕಿ ತೆಗೆಯುತ್ತದೆ, ಆಗ ನಿಮ್ಮ ಮೇಲಿನ ನಂಬಿಕೆ ತಗ್ಗುತ್ತದೆ. ಏಳು ವರ್ಷದ ಲೆಕ್ಕ ನೀವೇ ಕೊಡಿ. ಮೇಲಿನ ಉದಾಹರಣೆಯಲ್ಲಿ ಯಂತ್ರಕ್ಕೆ 14 ಲಕ್ಷ, ಎರಡು ವರ್ಷದ ವಾರಂಟಿ ಮುಗಿದ ಮೇಲೆ ಐದು ವರ್ಷದ ನಿರ್ವಹಣಾ ಒಪ್ಪಂದಕ್ಕೆ ವರ್ಷಕ್ಕೆ 70 ಸಾವಿರದಂತೆ ಮೂರೂವರೆ ಲಕ್ಷ, ಜೆಲ್ ಮತ್ತು ಪ್ರೋಬ್ ಹೊದಿಕೆಗೆ ವರ್ಷಕ್ಕೆ 50 ಸಾವಿರದಂತೆ ಮೂರೂವರೆ ಲಕ್ಷ. ಒಟ್ಟು 21 ಲಕ್ಷ, ತಿಂಗಳಿಗೆ 25 ಸಾವಿರ. ನಿಮ್ಮ ಊರಿನ ಕೊಟೇಶನ್ ಬೇರೆ ಇರುತ್ತದೆ, ಲೆಕ್ಕದ ಕ್ರಮ ಇದೇ. ಒಪ್ಪಂದ ಓದುವಾಗ ಪ್ರೋಬ್ ಅದರಲ್ಲಿ ಸೇರಿದೆಯೇ ನೋಡಿ. ಕೈಜಾರಿ ಬಿದ್ದು ಒಡೆಯುವುದೂ ಪ್ರೋಬೇ, ಟ್ರಾಲಿಯ ಚಕ್ರಕ್ಕೆ ಸಿಕ್ಕಿ ವೈರು ತುಂಡಾಗುವುದೂ ಅದರದೇ.

ಆದಾಯದ ಆಸೆ ತೋರಿಸಬೇಡಿ. ಹಾಸಿಗೆಯ ಪಕ್ಕದ ಸ್ಕ್ಯಾನ್ ಬಹುಪಾಲು ಪ್ಯಾಕೇಜಿನಲ್ಲೇ ಸೇರಿರುತ್ತದೆ. ಬಿಲ್ ಆದದ್ದೂ ರೇಡಿಯಾಲಜಿಗೆ ಬರುತ್ತಿದ್ದ ಹಣವೇ ಆಗಿರಬಹುದು. ಬದಲಿಗೆ ಅಗ್ಗದ ದಾರಿಗಳನ್ನು ನೀವೇ ಎತ್ತಿ ಉತ್ತರಿಸಿ. ನಿಗಾ ಘಟಕದ ಕೆಲಸವನ್ನು ಹನ್ನೊಂದರ ನಂತರಕ್ಕೆ ಮುಂದೂಡಬಹುದೇ? ಕೆಲವನ್ನು ಮುಂದೂಡಬಹುದು, ಹಾಗಾಗಿ ಎರಡು ವಾರ ಮಾಡಿ ನೋಡಿ ಫಲಿತಾಂಶ ಬರೆಯಿರಿ. ಮೊಬೈಲಿಗೆ ಜೋಡಿಸುವ ಕೈಯಳತೆಯ ಪ್ರೋಬ್ ಸಾಕೇ? ಹೊಟ್ಟೆಯಲ್ಲಿ ರಕ್ತ ತುಂಬಿದೆಯೇ ಎಂದು ನೋಡಲು ಆದೀತು. ನರದ ಪಕ್ಕ ಸೂಜಿಯ ತುದಿ ಸ್ಪಷ್ಟವಾಗಿ ಕಾಣುತ್ತದೆಯೇ ಎಂಬುದನ್ನು ತರಿಸಿ ಪರೀಕ್ಷಿಸಿದ ಮೇಲೆಯೇ ಹೇಳಿ.

ಕೊನೆಯ ಪ್ಯಾರಾ ಕಾನೂನಿನದು, ನಮ್ಮ ದೇಶದಲ್ಲಿ ಇದನ್ನು ಬಿಡುವಂತಿಲ್ಲ. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಪ್ರತಿ ಯಂತ್ರವೂ, ಅಂಗೈಯಲ್ಲಿ ಹಿಡಿಯುವಂಥದ್ದೂ ಸೇರಿ, ಆಸ್ಪತ್ರೆಯ ನೋಂದಣಿ ಪತ್ರದಲ್ಲಿ ಇರಬೇಕು. ಹೊಸ ಯಂತ್ರ ಬರುವುದಕ್ಕೆ ಕನಿಷ್ಠ 30 ದಿನ ಮೊದಲು ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರವನ್ನು ಹೊಸದಾಗಿ ಪಡೆಯಬೇಕು. ಬಳಸುವ ವೈದ್ಯರ ಅರ್ಹತೆಯ ದಾಖಲೆಯನ್ನೂ ಸಿದ್ಧವಿಟ್ಟುಕೊಳ್ಳಿ. 2012ರ ನಿಯಮದಂತೆ ಪೋರ್ಟಬಲ್ ಯಂತ್ರವನ್ನು ನೋಂದಾಯಿತ ಆವರಣದೊಳಗೆ ಒಳರೋಗಿಗಳಿಗೆ ಬಳಸಬೇಕು. ಬೇರೆ ಶಾಖೆಗೆ ಎರವಲು ಕಳುಹಿಸುವಂತಿಲ್ಲ. ಯಂತ್ರ ಯಾವ ಕೊಠಡಿಯಲ್ಲಿ ಇರುತ್ತದೆ, ರಾತ್ರಿ ಬೀಗದ ಕೈ ಯಾರ ಬಳಿ ಎಂಬುದನ್ನೂ ಪತ್ರದಲ್ಲೇ ಬರೆಯಿರಿ.

ನನ್ನ ಎರಡನೇ ಪತ್ರ ಒಂದೂವರೆ ಪುಟವಿತ್ತು, ಜೊತೆಗೆ ಮೂರು ನೋಟ್‌ಬುಕ್‌ಗಳ ಜೆರಾಕ್ಸ್. ಸಭೆಯಲ್ಲಿ ಪತ್ರವನ್ನು ಪಕ್ಕಕ್ಕಿಟ್ಟು ಅವರು ಓದಿದ್ದು ಜೆರಾಕ್ಸನ್ನೇ. ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು, ಆರು ತಿಂಗಳ ನಂತರ ಅದೇ ಕಾಲಂಗಳ ಲೆಕ್ಕವನ್ನು ಮತ್ತೆ ಒಪ್ಪಿಸಬೇಕೆಂಬ ಷರತ್ತಿನೊಂದಿಗೆ. ನೋಟ್‌ಬುಕ್‌ಗಳು ಈಗಲೂ ಅದೇ ಮೂರು ಜಾಗಗಳಲ್ಲಿವೆ.