ಮೂವತ್ತು ಮಕ್ಕಳಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ: ಕ್ಲಾಸಲ್ಲಿ ತೋರಿಸುವುದು ಹೇಗೆ?

ಮೂವತ್ತು ಮಕ್ಕಳಿರುವ ಕ್ಲಾಸಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಶೇ 70ಕ್ಕಿಂತ ಸ್ವಲ್ಪ ಜಾಸ್ತಿ. ಮಡಿಕೇರಿಯಿಂದ ಕುಟ್ಟದವರೆಗೆ ಯಾವ ಸ್ಟಾಫ್ ರೂಮಲ್ಲಿ ಇದನ್ನು ಹೇಳಿದರೂ ಒಬ್ಬರಾದರೂ ‘ವರ್ಷಕ್ಕೆ 365 ದಿನ ಇದೆಯಲ್ಲ ಮಾರಾಯ್ರೆ, ಅದು ಹೇಗೆ?’ ಅನ್ನುತ್ತಾರೆ. ಲೆಕ್ಕದಲ್ಲಿ ತೊಂದರೆ ಇಲ್ಲ. ಅದನ್ನು ಮಕ್ಕಳಿಗೆ ತೋರಿಸುವಾಗಲೇ ಎಡವಟ್ಟಾಗುವುದು.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೇಷ್ಟ್ರು ಬೋರ್ಡಿನ ಮುಂದೆ ನಿಂತು ‘ನನ್ನ ಹುಟ್ಟುಹಬ್ಬ ಮಾರ್ಚ್ 12. ಅದೇ ದಿನ ಹುಟ್ಟಿದವರು ಯಾರಿದ್ದೀರಿ?’ ಅಂತ ಕೇಳುತ್ತಾರೆ. ಒಂದು ಕೈಯೂ ಮೇಲೇಳುವುದಿಲ್ಲ. ‘ನೋಡಿ, ಪುಸ್ತಕದ ಲೆಕ್ಕ ಬೇರೆ, ನಿಜವೇ ಬೇರೆ’ ಅಂತ ಪಾಠ ಮುಗಿಯುತ್ತದೆ. ಆದರೆ ಅವರು ಕೇಳಿದ್ದು ಬೇರೆಯೇ ಪ್ರಶ್ನೆ. ಮೂವತ್ತು ಮಕ್ಕಳಲ್ಲಿ ಒಬ್ಬರಾದರೂ ಮೇಷ್ಟ್ರ ದಿನವೇ ಹುಟ್ಟಿರುವ ಸಾಧ್ಯತೆ ಶೇ 8ರಷ್ಟು ಮಾತ್ರ. ಅಲ್ಲಿ ಹೋಲಿಸಿ ನೋಡುವುದು ಮೂವತ್ತು ಜೋಡಿ, ಎಲ್ಲವೂ ಮೇಷ್ಟ್ರ ಜೊತೆಗೆ.

ನಮ್ಮ ಪ್ರಶ್ನೆಯಲ್ಲಿ ಪ್ರತಿ ಮಗುವನ್ನೂ ಉಳಿದ 29 ಮಕ್ಕಳ ಜೊತೆ ಹೋಲಿಸಬೇಕು. 30ನ್ನು 29ರಿಂದ ಗುಣಿಸಿ, ಒಂದೇ ಜೋಡಿಯನ್ನು ಎರಡು ಸಲ ಎಣಿಸಿದ್ದಕ್ಕೆ ಅರ್ಧ ಮಾಡಿದರೆ 435 ಜೋಡಿ. ದಿನ 365, ಜೋಡಿ 435. ಇಷ್ಟು ಬೋರ್ಡ್ ಮೇಲೆ ಬರೆದರೆ ಮಕ್ಕಳ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ.

ಇಲ್ಲಿ ಒಂದು ಅಡ್ಡದಾರಿ ಕಾಣುತ್ತದೆ: 435ನ್ನು 365ರಿಂದ ಭಾಗಿಸಿಬಿಡುವುದು. ಬರುವುದು ಶೇ 119. ನೂರಕ್ಕೆ ನೂರಹತ್ತೊಂಬತ್ತು ಸಾಧ್ಯತೆ ಅಂತ ಯಾವುದೂ ಇಲ್ಲ, ಅಲ್ವಾ? ಒಂದೇ ಕ್ಲಾಸಲ್ಲಿ ಎರಡು ಮೂರು ಜೋಡಿ ಸಿಗಬಹುದು, ಹಾಗೆ ಕೂಡಿಸಿದಾಗ ಅಂಥ ಕ್ಲಾಸು ಹಲವು ಸಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಕೂಡಿಸುವ ದಾರಿ ಬೇಡ.

ತಲೆಕೆಳಗು ಲೆಕ್ಕ: ಇಲ್ಲಿ ಅವಸರ ಬೇಡ

ಎಲ್ಲರೂ ಎಡವುವ ಜಾಗ ಇದು. ಹೊಂದಾಣಿಕೆಯನ್ನು ಹುಡುಕಬೇಡಿ. ಯಾರ ಹುಟ್ಟುಹಬ್ಬವೂ ಹೊಂದದೇ ಇರುವ ಸಾಧ್ಯತೆ ಎಷ್ಟು ಅಂತ ಕಂಡುಹಿಡಿದು 1ರಿಂದ ಕಳೆಯಿರಿ. ಹತ್ತನೇ ಕ್ಲಾಸಿನ ಸಂಭವನೀಯತೆ ಪಾಠದಲ್ಲಿ ಬರುವ ಸೂತ್ರವೇ ಇದು.

ಇಡೀ ವರ್ಷದ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯಿರಿ. ಮೊದಲ ಮಗು ಸೆಪ್ಟೆಂಬರ್ 3 ಅನ್ನುತ್ತದೆ. ‘ಕೈಲ್ ಪೊಳ್ದ್ ದಿನ!’ ಅಂತ ಹಿಂದಿನ ಬೆಂಚಿಂದ ಕೂಗು ಬಂದೇ ಬರುತ್ತದೆ. ಆ ಮನೆಗೆ ಗುರುತು ಹಾಕಿ. ಎರಡನೆಯ ಮಗು ತಪ್ಪಿಸಿಕೊಳ್ಳಬೇಕಾದರೆ ಉಳಿದ 364 ಮನೆಗಳಲ್ಲಿ ಒಂದರಲ್ಲಿ ಬೀಳಬೇಕು. ಅದು ಅಕ್ಟೋಬರ್ 17 ಅಂದಿತು ಅನ್ನಿ. ಮೂರನೆಯ ಮಗುವಿಗೆ ಉಳಿದದ್ದು 363 ಮನೆ. ಹೀಗೆ ಒಬ್ಬೊಬ್ಬರು ಬಂದ ಹಾಗೆ ಖಾಲಿ ಮನೆ ಒಂದೊಂದೇ ಕಡಿಮೆಯಾಗುತ್ತದೆ. ಮೂವತ್ತನೆಯ ಮಗು ಬರುವಾಗ 29 ಮನೆ ತುಂಬಿ 336 ಉಳಿದಿರುತ್ತವೆ. ಎಲ್ಲರೂ ತಪ್ಪಿಸಿಕೊಳ್ಳಬೇಕಾದ್ದರಿಂದ ಭಿನ್ನರಾಶಿಗಳನ್ನು ಗುಣಿಸಬೇಕು:

364/365 × 363/365 × 362/365 × … × 336/365 = 0.294

1 − 0.294 = 0.706. ಅಂದರೆ ಶೇ 70.6.

ಕೊನೆಯ ಸಂಖ್ಯೆ 336. ಅದನ್ನು 335 ಅಂತ ಬರೆಯುವವರೇ ಜಾಸ್ತಿ. 365ರಿಂದ ನೇರ 30 ಕಳೆಯುತ್ತಾರೆ. ಮೂವತ್ತನೆಯ ಮಗು ತನ್ನನ್ನು ತಾನೇ ತಪ್ಪಿಸಿಕೊಳ್ಳಬೇಕಿಲ್ಲ!

ಗುಣಿಸುವಾಗ ನಡುನಡುವೆ ಫಲಿತಾಂಶ ಓದಿ ಹೇಳಿ, ಸೀದಾ ಉತ್ತರಕ್ಕೆ ಹೋಗಬೇಡಿ. ಸ್ವಾರಸ್ಯ ಇರುವುದೇ ಅಲ್ಲಿ. ಹತ್ತನೆಯ ಮಗುವಿಗೆ ಬಂದಾಗಲೂ ಯಾರೂ ಹೊಂದದಿರುವ ಸಾಧ್ಯತೆ ಶೇ 88 ಇರುತ್ತದೆ. ‘ಇದು ಆಗುವ ಮಾತಲ್ಲ’ ಅಂತ ಮಕ್ಕಳಿಗೆ ಅನ್ನಿಸುವುದು ಇಲ್ಲೇ. ಇಪ್ಪತ್ತಕ್ಕೆ ಅದು ಶೇ 59ಕ್ಕೆ ಇಳಿಯುತ್ತದೆ, ಮೂವತ್ತಕ್ಕೆ ಶೇ 29. ಮೊದಲ ಹತ್ತು ಮಕ್ಕಳು ಸೇರಿ ಇಳಿಸಿದ್ದು ಬರೀ ಶೇ 12. ಕೊನೆಯ ಹತ್ತು ಮಕ್ಕಳು ಉಳಿದದ್ದನ್ನು ಅರ್ಧಕ್ಕರ್ಧ ಮಾಡಿದರು. ತಡವಾಗಿ ಬಂದವರು ಹೆಚ್ಚು ಮನೆಗಳನ್ನು ತಪ್ಪಿಸಬೇಕು, ಅದೇ ಕಾರಣ. ಮೂವತ್ತನೆಯ ಮಗು ಒಂದೇ ಸಿಕ್ಕಿಬೀಳುವ ಸಾಧ್ಯತೆ 365ರಲ್ಲಿ 29, ಅಂದರೆ ಶೇ 8. ದೊಡ್ಡದೇನಲ್ಲ. ಆದರೆ ಅಂಥ ಸಣ್ಣ ಸಣ್ಣ ಅಪಾಯಗಳ ಸಾಲನ್ನೇ ಇಡೀ ಕ್ಲಾಸು ದಾಟಬೇಕು.

ಅರ್ಧದ ಗೆರೆ ದಾಟುವುದು 23ನೆಯವರಲ್ಲಿ. ಹಾಗಾಗಿ ನಮ್ಮೂರಿನ ಹಾಕಿ ಮೈದಾನವೂ ಸಾಕು. ಎರಡು ತಂಡದ 22 ಆಟಗಾರರು, ಇಬ್ಬರು ಅಂಪೈರ್, ಒಟ್ಟು 24 ಜನ. ಇವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದಾಗುವ ಸಾಧ್ಯತೆ ಶೇ 54.

ಕ್ಯಾಲ್ಕುಲೇಟರ್ ವಿಷಯ. ಎಂಟು ಅಂಕೆಯ ಅಗ್ಗದ ಕ್ಯಾಲ್ಕುಲೇಟರಿನಲ್ಲಿ ಮೇಲಿನ ಸಂಖ್ಯೆಗಳನ್ನೆಲ್ಲ ಮೊದಲು ಗುಣಿಸಲು ಹೋಗಬೇಡಿ. 364, 363, 362ರವರೆಗೆ ಹೇಗೋ ತಾಳುತ್ತದೆ, 361 ಒತ್ತಿದ ಕೂಡಲೇ ಪರದೆಯಲ್ಲಿ E ಬರುತ್ತದೆ. ಒಂದು ಗುಣಾಕಾರ, ಒಂದು ಭಾಗಾಕಾರ, ಹೀಗೇ ಹೋಗಿ. ನಡುವೆ ಹತ್ತಿರದ ಎರಡು ದಶಾಂಶಕ್ಕೆ ಅಂದಾಜು ಮಾಡಲೂಬಾರದು. 364/365 ಎಂಬುದು ಆಗ 1.00 ಆಗಿಬಿಡುತ್ತದೆ.

ಮಕ್ಕಳಿಂದ ದಿನಾಂಕ ಕೇಳುವುದು

ದಿನ ಮತ್ತು ತಿಂಗಳು ಸಾಕು, ವರ್ಷ ಬೇಡ. ಅವಳಿ ಮಕ್ಕಳಿದ್ದರೆ ಒಬ್ಬರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಫೆಬ್ರವರಿ 29ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಉತ್ತರ ಹೆಚ್ಚುಕಡಿಮೆ ಅದೇ.

ಜುಲೈ ಮಳೆಯಲ್ಲಿ ಇದನ್ನು ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಸ್ತೆಗೆ ಮರ ಬಿದ್ದು, ಬಸ್ಸು ಬರದೆ ಮೂವತ್ತರಲ್ಲಿ ಹದಿನೆಂಟು ಮಕ್ಕಳೇ ಬಂದಿದ್ದರೆ ಸಾಧ್ಯತೆ ಸೀದಾ ಶೇ 35ಕ್ಕೆ ಇಳಿಯುತ್ತದೆ. ಸುಮ್ನೆ ಲೆಕ್ಕಕ್ಕೆ ಕೆಟ್ಟ ಹೆಸರು.

ಪೋಷಕರ ಸಭೆಯಲ್ಲಿ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಹಳೇ ತಲೆಮಾರಿನ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನಿಜವಾದ ದಿನ ಗೊತ್ತಿಲ್ಲದಾಗ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ಅಲ್ಲಿ ನಾಲ್ಕೈದು ಕೈ ಒಟ್ಟಿಗೆ ಎದ್ದರೆ ಅದು ಲೆಕ್ಕದ ಮಹಿಮೆ ಅಲ್ಲ, ರಿಜಿಸ್ಟರಿನದ್ದು. ನಿಜವಾದ ಜನನಗಳೂ ವರ್ಷವಿಡೀ ಸಮನಾಗಿ ಹಂಚಿಹೋಗಿರುವುದಿಲ್ಲ. ಆದರೆ ಆ ಏರುಪೇರು ಹೊಂದಾಣಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ವಿಷ್ಣುವರ್ಧನ್ ಮತ್ತು ಉಪೇಂದ್ರ ಇಬ್ಬರದ್ದೂ ಸೆಪ್ಟೆಂಬರ್ 18 ಅಂತ ಉದಾಹರಣೆ ಕೊಡುವವರಿದ್ದಾರೆ. ಕೇಳಲು ಚೆನ್ನ, ಆದರೆ ಅದು ಹುಡುಕಿ ಆರಿಸಿಕೊಂಡ ಜೋಡಿ. ಅದರಿಂದ ಏನೂ ಸಾಬೀತಾಗುವುದಿಲ್ಲ. ಮೊದಲೇ ಗೊತ್ತುಮಾಡಿದ ಗುಂಪೊಂದನ್ನು ಪೂರ್ತಿ ಕೇಳಬೇಕು.

ಯಾರೂ ಹೊಂದದಿದ್ದರೆ?

ಹತ್ತು ಕ್ಲಾಸಲ್ಲಿ ಸುಮಾರು ಮೂರರಲ್ಲಿ ಹಾಗೆ ಆಗಲೇಬೇಕು. ಆಗ ಕ್ಯಾಲೆಂಡರ್ ತೆಗೆದುಕೊಂಡು ಪಕ್ಕದ ಸೆಕ್ಷನ್ನಿಗೆ ಹೋಗಿ, ಹೊಸದಾಗಿ ಶುರುಮಾಡಿ. ಮೂವತ್ತು ಮೂವತ್ತು ಮಕ್ಕಳ ಮೂರು ಸೆಕ್ಷನ್ ಇದ್ದರೆ ಮೂರರಲ್ಲೂ ಒಂದೂ ಜೋಡಿ ಸಿಗದಿರುವ ಸಾಧ್ಯತೆ 0.294 × 0.294 × 0.294, ಅಂದರೆ ಶೇ 2.5ರಷ್ಟು. ಸಿಕ್ಕ ಕ್ಲಾಸು, ಸಿಗದ ಕ್ಲಾಸು ಎರಡನ್ನೂ ಬರೆದಿಡಿ. ಸಿಕ್ಕಿದ್ದನ್ನು ಮಾತ್ರ ಬರೆದರೆ ನೂರಕ್ಕೆ ನೂರು ಬರುತ್ತದೆ, ನಮಗೆ ಬೇಕಿರುವುದು ಎಪ್ಪತ್ತು.