ಪದೇ ಪದೇ ಲೇಟಾಗಿ ಬರ್ತಿದ್ದವನಿಗೆ ಬರೆದ ಒಂದು ಮೇಲ್: ನನ್ನ ಅನುಭವ

"ಮೇಲ್ ಹಾಕಿದ್ರೆ ಯಾರೂ ಟೈಮಿಗೆ ಬರಲ್ಲ ಕಣಯ್ಯಾ, ಒಂದೋ ಕೂಗಾಡು, ಇಲ್ಲಾ ಸಂಬಳ ಕಟ್ ಮಾಡು" ಅಂತ ಪಕ್ಕದ ಟೀಮಿನ ಮ್ಯಾನೇಜರ್ ನಂಗೆ ಹೇಳಿ ಐದಾರು ತಿಂಗಳಾಯ್ತು. ನಮ್ ಹುಡುಗ ಈಗ ಮೂರು ತಿಂಗಳಿಂದ ಸರಿಯಾಗಿ ಬರ್ತಿದಾನೆ, ಮಧ್ಯ ಒಂದೋ ಎರಡೋ ಸಲ ತಪ್ಪಿದ್ರೂ ಮುಂಚೇನೇ ಮೆಸೇಜ್ ಬಂದಿದೆ. ಅದಕ್ಕೇ ಬರೀತಿದೀನಿ. ಅವನನ್ನ ಕೇಳೇ ಬರೀತಿರೋದು.

ನಮ್ದು ಸಪೋರ್ಟ್ ಟೀಮ್. ನೈಟ್ ಶಿಫ್ಟ್‌ನವರು 9 ಗಂಟೆಗೆ ಹ್ಯಾಂಡೋವರ್ ಕೊಟ್ಟು ಎದ್ದು ಹೋಗ್ಬೇಕು, ತಗೊಳೋನು ಬರ್ಲಿಲ್ಲ ಅಂದ್ರೆ ಅವ್ರು ಅಲ್ಲೇ ಕೂತಿರ್ತಾರೆ. ನಾಲ್ಕು ವಾರದಲ್ಲಿ ಹೆಚ್ಚು ಕಮ್ಮಿ ನಾಲ್ಕು ಗಂಟೆ ಹೀಗೆ ಕೂತಿದ್ರು, ನಮ್ಮಲ್ಲಿ ಓವರ್‌ಟೈಮ್ ಒಂದೂವರೆ ಪಟ್ಟು, ಅಂದ್ರೆ ಆರು ಗಂಟೆ ಸಂಬಳ ಸುಮ್ನೆ ಹೋಯ್ತು. ದುಡ್ಡು ದೊಡ್ಡದಲ್ಲ, ಆದ್ರೆ ರಾತ್ರಿಯೆಲ್ಲ ಕೆಲಸ ಮಾಡಿದವನ ಮುಖ ನೋಡಕ್ಕಾಗ್ತಿರ್ಲಿಲ್ಲ.

ಮೊದ್ಲು ನಾನೂ ಎಲ್ರು ಮಾಡೋದನ್ನೇ ಮಾಡ್ದೆ. ಟೀಮ್ ಗ್ರೂಪಲ್ಲಿ "ಎಲ್ರೂ ದಯವಿಟ್ಟು ಟೈಮಿಗೆ ಬನ್ನಿ" ಅಂತ ಹಾಕ್ದೆ. ಹತ್ತು ನಿಮಿಷ ಮುಂಚೆ ಬರೋರು ಮೂವರು ನನ್ನತ್ರ ಬಂದು "ಸರ್, ನಮ್ದೇನಾದ್ರೂ ತಪ್ಪಾಯ್ತಾ" ಅಂತ ಕೇಳಿದ್ರು, ಯಾರಿಗೆ ಅಂತ ಹಾಕಿದ್ನೋ ಅವನು ತಂಬ್ಸ್ ಅಪ್ ಒತ್ತಿ ಸುಮ್ನಾದ. ಆಮೇಲೆ ಬೆಳಗ್ಗೆ ಮೀಟಿಂಗೇ ಹದಿನೈದು ನಿಮಿಷ ಮುಂದಕ್ಕೆ ಹಾಕಿ ನೋಡ್ದೆ, ಎರಡನೇ ವಾರಕ್ಕೆ ಟೀಮೇ ಹದಿನೈದು ನಿಮಿಷ ನಿಧಾನ ಆಯ್ತು. ವಾಪಸ್ ತಂದಿದ್ದಕ್ಕೆ ಬೈಸ್ಕೊಂಡೆ.

ಇದಕ್ಕಿಂತ ದೊಡ್ಡ ತಪ್ಪು ಎರಡು ವರ್ಷದ ಹಿಂದೆ ಇನ್ನೊಬ್ಬಳ ವಿಷಯದಲ್ಲಿ ಮಾಡಿದ್ದೆ. ಉದ್ದುದ್ದ ಮೇಲು, "ನೀವು ಯಾವಾಗ್ಲೂ ತಡವಾಗಿ ಬರುತ್ತೀರಿ", "ಉಳಿದವರನ್ನು ನೋಡಿ ಕಲಿಯಿರಿ", ಎಚ್‌ಆರ್‌ಗೆ ಸಿಸಿ, ಶುಕ್ರವಾರ ಸಂಜೆ ಆರಕ್ಕೆ ಕಳಿಸಿ ನಾನು ಆರಾಮಾಗಿ ಮನೆಗೆ ಹೋದೆ. ಅವಳು ಎರಡು ದಿನ ಅದನ್ನೇ ಓದ್ಕೊಂಡು ಕೂತಿದ್ಲಂತೆ. ತಿಂಗಳೊಳಗೆ ರಾಜೀನಾಮೆ. ಹೊಸಬರನ್ನ ಹುಡುಕಕ್ಕೆ ಎರಡೂವರೆ ತಿಂಗಳು, ಕಲ್ಸಕ್ಕೆ ಇನ್ನೆರಡು, ಲೆಕ್ಕ ಹಾಕಿದ್ರೆ ಸುಮಾರು ಐದು ತಿಂಗಳ ಸಂಬಳದಷ್ಟು ನನ್ನ ಒಂದು ಮೇಲಿಗೆ ಹೋಯ್ತು.

ಈ ಸಲ ಬರೆಯೋಕೆ ಮುಂಚೆ ತಾರೀಖು ಕೂಡಿಸ್ದೆ. ಗೇಟ್ ಕಾರ್ಡಿನ ರೆಕಾರ್ಡಲ್ಲಿ ನಾಲ್ಕು ವಾರಕ್ಕೆ 9 ದಿನ ಲೇಟ್ ಅಂತಿತ್ತು. ಹಾಗೇ ಹಾಕ್ಬಿಡ್ತಿದ್ದೆ, ಯಾಕೋ ಡೌಟ್ ಬಂದು ಕಸ್ಟಮರ್ ದೂರುಗಳ ಟಿಕೆಟ್‌ಗಳನ್ನ ತೆಗೆದು ನೋಡಿದ್ರೆ ಅದ್ರಲ್ಲಿ ಒಂದು ದಿನ ಅವನು ಎಂಟೂವರೆಗೇ ಮನೆಯಿಂದ ಲಾಗಿನ್ ಆಗಿ ಒಬ್ಬ ಕಸ್ಟಮರ್ ತಲೆನೋವು ಬಗೆಹರಿಸಿ ಆಮೇಲೆ ಆಫೀಸಿಗೆ ಬಂದಿದ್ದ! ಆ ಒಂದು ತಾರೀಖು ಪಟ್ಟೀಲಿ ಉಳಿದಿದ್ರೆ ಮಿಕ್ಕ ಎಂಟಕ್ಕೂ ಬೆಲೆ ಇರ್ತಿರ್ಲಿಲ್ಲ, ಅವನು ಅದನ್ನೇ ಹಿಡ್ಕೊಂಡು ಜಗಳಕ್ಕೆ ಬರ್ತಿದ್ದ, ನಾನಾದ್ರೂ ಅದನ್ನೇ ಮಾಡ್ತಿದ್ದೆ. ಪಟ್ಟಿ ನೋಡಿದ್ರೆ ಎಂಟರಲ್ಲಿ ಆರು ಮಂಗಳವಾರ, ಗುರುವಾರಾನೇ. ಏನೋ ಇದೆ ಅಂತ ಗೊತ್ತಾಯ್ತು, ಆದ್ರೆ ಮೇಲಲ್ಲಿ ಅದನ್ನ ಎತ್ತಲಿಲ್ಲ. ನಾನು ಊಹೆ ಮಾಡಿ ಬರೆದ್ರೆ ಪತ್ತೇದಾರಿಕೆ ಮಾಡಿದಂಗೆ ಆಗುತ್ತೆ, ಹೇಳೋದಿದ್ರೆ ಅವನೇ ಹೇಳ್ಲಿ.

ಇನ್ನೊಂದು, ನಾವಿಬ್ರೂ ಬಾಯಲ್ಲಿ ನೀನು ತಾನು ಅನ್ನೋರು. ಮೊದಲ ಡ್ರಾಫ್ಟಲ್ಲಿ ಗಂಭೀರ ಇರ್ಲಿ ಅಂತ "ನೀವು" ಹಾಕಿದ್ದೆ, ಓದಿದ್ರೆ ಥೇಟ್ ನೋಟಿಸ್. ಗೌರವದ ಮಾತೇ ಅಲ್ಲಿ ದೂರ ತಳ್ಳೋ ಮಾತಾಗ್ತಿತ್ತು. "ನೀನು" ಅಂತಾನೇ ಬದಲಾಯಿಸ್ದೆ. ಮೊದಲ ಸಾಲು ಬಿಟ್ಟು ಮಿಕ್ಕಿದ್ದು ಇದು:

"ಇದು ನಿಂಗೆ ಮಾತ್ರ ಬರೀತಿರೋದು, ಸಿಸಿಲಿ ಯಾರೂ ಇಲ್ಲ. ಕಳೆದ 4 ವಾರದಲ್ಲಿ 8 ದಿನ ನೀನು 9 ಗಂಟೆ ಹ್ಯಾಂಡೋವರ್‌ಗೆ ಇರ್ಲಿಲ್ಲ. ತಾರೀಖು, ಟೈಮು ಕೆಳಗಿದೆ, ತಪ್ಪಿದ್ರೆ ತಿದ್ದು. ಆ ದಿನ ನೈಟ್ ಶಿಫ್ಟ್‌ನವರು ನೀನು ಬರೋ ತನಕ ಕೂತಿದ್ರು, ಎರಡು ಸಲ ರಾತ್ರಿ ಬಂದ ಟಿಕೆಟ್ ಯಾರೂ ತಗೊಳ್ದೆ ಹಾಗೇ ಉಳೀತು. 9ಕ್ಕೆ ನೀನು ಲಾಗಿನ್ ಆಗಿ ಹ್ಯಾಂಡೋವರ್‌ಗೆ ರೆಡಿ ಇರ್ಬೇಕು, ಆಗದ ದಿನ 8:30 ಒಳಗೆ ನಂಗೊಂದು ಮೆಸೇಜ್ ಹಾಕು. 9 ಗಂಟೆನೇ ಕಷ್ಟ ಅಂದ್ರೆ ಅದನ್ನೂ ಹೇಳು, ಶಿಫ್ಟ್ ಹೊಂದಿಸಕ್ಕೆ ಆಗುತ್ತಾ ನೋಡ್ತೀನಿ, ಆಗೇ ಆಗುತ್ತೆ ಅಂತ ಮಾತು ಕೊಡ್ತಿಲ್ಲ. ಕಾರಣ ಬರೆದು ಕಳಿಸ್ಬೇಕು ಅಂತೇನಿಲ್ಲ. ಬುಧವಾರ 4ಕ್ಕೆ 15 ನಿಮಿಷ ಕೂತ್ಕೊಳೋಣ. ನಾಲ್ಕು ವಾರ ಆದ್ಮೇಲೆ ಇನ್ನೊಂದ್ಸಲ ನೋಡೋಣ."

ಮೊದಲ ಸಾಲು ನಮ್ಮಿಬ್ಬರ ಮಧ್ಯೆ ಇರ್ಲಿ. ಹೊಗಳಿಕೆ ಅಲ್ಲ ಅಂತಷ್ಟೇ ಹೇಳ್ತೀನಿ. ಒಂದ್ಸಲ ಹೊಗಳಿ, ಮಧ್ಯ ಬೈದು, ಕೊನೆಗೆ ಹೊಗಳಿ ಬರೆದಿದ್ದೆ, ಓದಿದವನು ಥ್ಯಾಂಕ್ಸ್ ಹೇಳಿ ಮಾರನೇ ದಿನಾನೂ ಲೇಟಾಗೇ ಬಂದ.

ಸಬ್ಜೆಕ್ಟ್ ಲೈನ್‌ಗೆ ಅರ್ಧ ಗಂಟೆ ಹೋಯ್ತು. ಮೊದ್ಲು "ನಿನ್ನ ಲೇಟ್ ಬಗ್ಗೆ" ಅಂತ ಇಟ್ಟು ನನಗೇ ಕಳಿಸ್ಕೊಂಡು ನೋಡ್ದೆ, ಸ್ಕ್ರೀನ್ ಶೇರ್ ಮಾಡ್ತಿದ್ದಾಗ ಮೂಲೇಲಿ ಪಾಪ್ಅಪ್ ಬಂದು ಎಲ್ರೂ ಓದ್ಬಹುದಿತ್ತು, ಲಾಕ್ ಆಗಿದ್ದ ಫೋನಲ್ಲೂ ಮೊದಲ ಸಾಲು ಸಮೇತ ಕಾಣ್ತು. ಸಿಸಿ ಖಾಲಿ ಇಟ್ಟು ಏನ್ ಬಂತು! "ಬುಧವಾರ 15 ನಿಮಿಷ" ಅಂತ ಮಾಡ್ದೆ. ಅಡ್ರೆಸ್ ಕಳಿಸೋಕೆ ಮುಂಚೆ ಕೊನೇಲಿ ಹಾಕ್ದೆ, ಅದೇ ಹೆಸರಿನೋರು ಇನ್ನೊಬ್ರು ಇದಾರೆ ನಮ್ಮಲ್ಲಿ. ಸೋಮವಾರ ಮಧ್ಯಾಹ್ನ ಕಳಿಸ್ದೆ, ಅವತ್ತು ಅವನು ಟೈಮಿಗೆ ಬಂದಿದ್ದ. ಲೇಟಾಗಿ ಬಂದ ದಿನ ಬರೆದ್ರೆ ನನ್ನ ಸಿಟ್ಟು ಅಕ್ಷರದಲ್ಲಿ ಇಳಿಯುತ್ತೆ.

ಉತ್ತರ ಒಂದೇ ಸಾಲು, "ಸರಿ, ಬುಧವಾರ ಹೇಳ್ತೀನಿ". ಬುಧವಾರ ಗೊತ್ತಾಗಿದ್ದೇನಂದ್ರೆ, ಅವರಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಮಂಗಳವಾರ, ಗುರುವಾರ, ಶನಿವಾರ. ಬೆಳಗ್ಗೆ ಕರ್ಕೊಂಡು ಹೋಗಿ ಮಶೀನ್ ಹಾಕೋ ತನಕ ಇದ್ದು ಬರ್ತಿದ್ದ. ಶನಿವಾರ ನಮಗೆ ರಜೆ, ಅದಕ್ಕೇ ಪಟ್ಟೀಲಿ ಶನಿವಾರ ಇರ್ಲಿಲ್ಲ. ಇನ್ನೆರಡು ದಿನದ ಲೇಟಿಗೆ ಕಾರಣ ಕೇಳಿ ನಂಗೇ ನಾಚಿಕೆ ಆಯ್ತು: ಹಿಂದಿನ ಮ್ಯಾನೇಜರ್ "ಹದಿನೈದು ನಿಮಿಷ ಆಚೆ ಈಚೆ ಪರ್ವಾಗಿಲ್ಲ" ಅಂದಿದ್ರಂತೆ, ಅದು ಈಗಿಲ್ಲ ಅಂತ ನಾನು ಯಾವತ್ತೂ ಹೇಳೇ ಇರ್ಲಿಲ್ಲ.

ಬೇಗ ಬಂದು ಬೇಗ ಹೋಗೋದು ಇಷ್ಟಪಡೋ ಹುಡುಗಿ ಒಬ್ಳಿದಾಳೆ, ಮಂಗಳವಾರ ಗುರುವಾರದ ಹ್ಯಾಂಡೋವರ್ ಅವಳಿಗೆ, ಇವನು ಆ ದಿನ ಹತ್ತಕ್ಕೆ ಬಂದು ಸಂಜೆ ಒಂದು ಗಂಟೆ ಜಾಸ್ತಿ ಇರ್ತಾನೆ. ಅವಳಿಗೆ ಕಾರಣ ನಾನು ಹೇಳ್ಲಿಲ್ಲ, ಶಿಫ್ಟ್ ಬದಲಾವಣೆ ಅಂತಷ್ಟೇ. ಬುಧವಾರ ಮಾತಾಡಿದ್ದನ್ನ ಮೂರು ಸಾಲಲ್ಲಿ ಅದೇ ಮೇಲಿಗೆ ರಿಪ್ಲೈ ಹಾಕಿಟ್ಟೆ. ಓವರ್‌ಟೈಮ್ ಮಾರನೇ ತಿಂಗಳು ಅರ್ಧ ಗಂಟೆಗೆ ಇಳೀತು.

ಎಲ್ರಿಗೂ ನಡೆಯುತ್ತೆ ಅಂತಲ್ಲ. ಇದೇ ಥರ ಇನ್ನೊಬ್ಬನಿಗೆ ಬರೆದೆ, ನಾಲ್ಕು ವಾರ ಆದ್ಮೇಲೂ ಏನೂ ಬದಲಾಗ್ಲಿಲ್ಲ, ಕೊನೆಗೆ ಎಚ್‌ಆರ್ ಕಡೆ ಹೋಗ್ಲೇಬೇಕಾಯ್ತು, ಅಲ್ಲಿ ಆ ತಾರೀಖಿನ ಪಟ್ಟಿನೇ ಕೆಲಸಕ್ಕೆ ಬಂತು.

ಪಕ್ಕದ ಟೀಮಿನ ಮ್ಯಾನೇಜರ್ ಹೋದ ತಿಂಗಳು ಬಂದು "ಆ ಮೇಲ್ ಒಂದು ಕಾಪಿ ಕೊಡು" ಅಂದ್ರು. ಹೆಸರು, ತಾರೀಖು ಎಲ್ಲ ತೆಗೆದು ಕೊಟ್ಟೆ. ವಾರ ಆದ್ಮೇಲೆ ಸಿಕ್ಕಿ "ನಿನ್ ಮೇಲ್ ಕೆಲಸ ಮಾಡ್ಲಿಲ್ಲ ಕಣಯ್ಯಾ" ಅಂತ ಗೊಣಗಿದ್ರು. ಏನ್ ಕಳಿಸಿದ್ರಿ ತೋರ್ಸಿ ಅಂದೆ. ಎಲ್ಲ ನಂದೇ ಅಕ್ಷರ, "ಇದು ನಿಂಗೆ ಮಾತ್ರ" ಅನ್ನೋದೂ ಹಾಗೇ ಇತ್ತು, ಸಿಸಿಲಿ ಎಚ್‌ಆರ್ ಮತ್ತೆ ಅವ್ರ ಬಾಸು.