ಯಾವ ಕಾರ್ಯಕ್ಕೆ ಈ ಸೀರೆ? ವಯಸ್ಸಿನ ಪಟ್ಟಿ ಕೈಬಿಟ್ಟ ನಮ್ಮ ಅಂಗಡಿಯ ಅನುಭವ

ಕಾಸರಗೋಡು ಪೇಟೆಯಲ್ಲಿರುವ ನಮ್ಮ ಸೀರೆ ಅಂಗಡಿ ಆನ್‌ಲೈನ್ ವ್ಯಾಪಾರಕ್ಕೆ ಇಳಿದದ್ದು ಯೋಜನೆ ಹಾಕಿಕೊಂಡಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮದುವೆಗೆ ಆರಿಸಿಟ್ಟ ಸೀರೆಗಳನ್ನು ಮಂಗಳೂರಿನ ಕಡೆಯವರಿಗೆ ವಾಟ್ಸಾಪ್‌ನಲ್ಲಿ ತೋರಿಸಬೇಕಾಯಿತು, ಅಲ್ಲಿಂದ ಆರಂಭವಾದದ್ದು ಎರಡು ವರ್ಷಗಳಲ್ಲಿ ವೆಬ್‌ಸೈಟ್ ಆಯಿತು. ಬಿಲ್ಲಿಂಗ್ ಮೇಜಿನಲ್ಲಿ ಹನ್ನೊಂದು ವರ್ಷ ಕುಳಿತ ನನಗೆ ಆ ವೆಬ್‌ಸೈಟಿನ ಹೊಣೆ ಬಂದಿತು. ಗಿರಾಕಿಗಳನ್ನು ವಯಸ್ಸಿನ ಬದಲು ಖರೀದಿಯ ಸಂದರ್ಭದ ಪ್ರಕಾರ ವಿಂಗಡಿಸಬೇಕೆಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಅದೆಲ್ಲ ಕೌಂಟರಿನಲ್ಲಿ ಮುಖ ನೋಡಿ ತಿಳಿಯುವ ವಿಷಯ, ಕಂಪ್ಯೂಟರಿಗೆ ಎಂತ ಗೊತ್ತಾಗುತ್ತದೆ?" ಎಂದು ನಮ್ಮ ಭಾವ ಕೇಳಿದ್ದರು. ಈಗ ಎರಡು ಮದುವೆ ಹಂಗಾಮು ಕಳೆದಿದೆ, ಲೆಕ್ಕ ಕಣ್ಣ ಮುಂದಿದೆ. ಆದ್ದರಿಂದ ಇದೇ ವ್ಯಾಪಾರದಲ್ಲಿ ಇರುವವರಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ಹಣದ ವಿಷಯ. ಆರಂಭದಲ್ಲಿ ಒಂದು ಜಾಹೀರಾತು ಸಂಸ್ಥೆಗೆ ಕೆಲಸ ಒಪ್ಪಿಸಿದ್ದೆವು. ಅವರು 18ರಿಂದ 25, 26ರಿಂದ 40, 41ರ ಮೇಲೆ ಎಂದು ಮೂರು ಗುಂಪು ಮಾಡಿ, ಮೊದಲನೆಯವರಿಗೆ ಹಗುರ ಜಾರ್ಜೆಟ್, ಎರಡನೆಯವರಿಗೆ ಸಾಫ್ಟ್ ಸಿಲ್ಕ್, ಮೂರನೆಯವರಿಗೆ ಕಾಂಜೀವರಂ ತೋರಿಸಿದರು. ನಾಲ್ಕು ತಿಂಗಳಲ್ಲಿ ಅವರ ಶುಲ್ಕವೂ ಜಾಹೀರಾತಿನ ಹಣವೂ ಸೇರಿ ಸುಮಾರು 1,10,000 ರೂಪಾಯಿ ಹೋಯಿತು, ಬಂದ ಆರ್ಡರುಗಳು ನಲವತ್ತರ ಆಸುಪಾಸು. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳುಹಿಸಿದ್ದರಲ್ಲಿ ಮೂರರಲ್ಲೊಂದು ಪೊಟ್ಟಣ ಹಿಂದೆ ಬಂತು, ಹೋಗುವ ಮತ್ತು ಬರುವ ಎರಡೂ ಕೊರಿಯರ್ ಖರ್ಚು ನಮ್ಮ ತಲೆಗೇ ಬಿತ್ತು. ಅಲ್ಲದೆ ಅವರು ಹಿಡಿದ ವಯಸ್ಸು ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ. ಬಿಲ್ಲಿನಲ್ಲಿರುವುದು ಹಣ ಕೊಟ್ಟವರ ಫೋನ್ ಸಂಖ್ಯೆ. ಅದು ಬಹಳ ಸಲ ಉಡುವವರದ್ದಲ್ಲ, ಅವರ ಗಂಡನದ್ದು ಅಥವಾ ಗಲ್ಫಿನಲ್ಲಿರುವ ಮಗನದ್ದು.

ನನ್ನ ಕಣ್ಣು ತೆರೆಸಿದ್ದು ಮುಳ್ಳೇರಿಯ ಕಡೆಯ ಒಬ್ಬ ಅಕ್ಕನ ಖಾತೆ. ವಯಸ್ಸು ಐವತ್ತು ದಾಟಿದ ಶಾಲಾ ಶಿಕ್ಷಕಿ. ಒಂದೇ ವರ್ಷದಲ್ಲಿ ಅವರ ಹೆಸರಿನಲ್ಲಿ ಮೂರು ಬಿಲ್ಲುಗಳಿದ್ದವು. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಮೂರು ಹತ್ತಿ ಸೀರೆ, ಅದರಲ್ಲಿ ಒಂದು ನಮ್ಮೂರಿನದೇ ಕಾಸರಗೋಡು ಕೈಮಗ್ಗದ ಸೀರೆ. ನವೆಂಬರಿನಲ್ಲಿ ಮಗಳ ಮದುವೆಗೆ ಒಂದು ಧಾರೆ ಸೀರೆ ಮತ್ತು ನೆಂಟರಿಗೆ ಕೊಡಲು ಹದಿನಾಲ್ಕು ಸೀರೆ. ಜನವರಿಯಲ್ಲಿ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆಂದು ಭಜನಾ ಮಂಡಳಿಯವರಿಗೆಲ್ಲ ಒಂದೇ ಬಣ್ಣದ ಇಪ್ಪತ್ತೆರಡು ಸೀರೆ. ವಯಸ್ಸಿನ ಪಟ್ಟಿಯಲ್ಲಿ ಇವರು ಮೂರನೆಯ ಗುಂಪಿನವರು. ಆದ್ದರಿಂದ ಮಗಳ ಮದುವೆ ಮುಗಿದ ಮೇಲೂ ತಿಂಗಳಿಗೆ ನಾಲ್ಕು ಸಲ ಅವರಿಗೆ ಕಾಂಜೀವರಂ ಚಿತ್ರ ಹೋಗುತ್ತಿತ್ತು. ಮಂಡಳಿಗೆ ಸೀರೆ ಬೇಕಾದಾಗ ವೆಬ್‌ಸೈಟಿನಲ್ಲಿ ಒಂದೇ ಬಣ್ಣದ್ದು ಎಷ್ಟು ಇದೆಯೆಂದು ತಿಳಿಯದೆ ಅವರು ಬಸ್ಸು ಹಿಡಿದು ಅಂಗಡಿಗೇ ಬಂದರು. ಅಂದಿನಿಂದ ನಾನು ವ್ಯಕ್ತಿಗಳನ್ನು ವಿಂಗಡಿಸುವುದನ್ನು ನಿಲ್ಲಿಸಿ ಬಿಲ್ಲುಗಳನ್ನು ವಿಂಗಡಿಸತೊಡಗಿದೆ. ಒಬ್ಬರೇ ಗಿರಾಕಿ ಮೂರು ಗುಂಪುಗಳಲ್ಲಿ ಇರಬಹುದು, ಇರಬೇಕು ಕೂಡ.

ವಿಭಾಗಗಳನ್ನು ನಾಲ್ಕಕ್ಕೇ ನಿಲ್ಲಿಸಿದೆ: ಮದುವೆ, ಉಡುಗೊರೆ, ಭಜನಾ ಮಂಡಳಿಯಂಥ ಗುಂಪು ಮತ್ತು ಸ್ವಂತ ಬಳಕೆ. ಮೊದಲು ಸೀಮಂತ, ಉಪನಯನ, ಗೃಹಪ್ರವೇಶ ಎಂದು ಹನ್ನೊಂದು ಮಾಡಿದ್ದೆ. ಅಷ್ಟು ಇದ್ದರೆ ಕೌಂಟರಿನ ಹುಡುಗರು ಯಾವುದೋ ಒಂದನ್ನು ಒತ್ತಿಬಿಡುತ್ತಾರೆ, ತಿಂಗಳ ಕೊನೆಯಲ್ಲಿ ನೋಡಿದರೆ ಅರ್ಧಕ್ಕರ್ಧ ಬಿಲ್ಲುಗಳು "ಇತರೆ"ಯಲ್ಲಿ ಇದ್ದವು. ಹೊಸ ಬಿಲ್ಲುಗಳಿಗೆ ಕೌಂಟರಿನಲ್ಲಿಯೂ ವಾಟ್ಸಾಪ್‌ನಲ್ಲಿಯೂ "ಎಂತ ವಿಶೇಷ ಅಕ್ಕ?" ಎಂಬ ಒಂದೇ ಪ್ರಶ್ನೆ, ಮಲಯಾಳದವರಿಗೆ ಮಲಯಾಳದಲ್ಲಿ, ತುಳುವರಿಗೆ ತುಳುವಿನಲ್ಲಿ. ಮೂರರಲ್ಲೊಂದು ಪಾಲು ಜನ ಉತ್ತರ ಕೊಡುವುದಿಲ್ಲ, ಅವರನ್ನು ಒತ್ತಾಯಿಸಬಾರದು.

ಹಳೆಯ ಬಿಲ್ಲುಗಳಿಗೆ ಯಾರನ್ನು ಕೇಳುವುದು? ಬಿಲ್ಲೇ ಹೇಳಬೇಕು. ಬಿಲ್ಲಿಂಗ್ ತಂತ್ರಾಂಶದಿಂದ ಎರಡು ವರ್ಷಗಳ ವಿವರವನ್ನು ಶೀಟಿಗೆ ಇಳಿಸಿ, ಪ್ರತಿ ಬಿಲ್ಲಿಗೆ ಒಂದು ಸಾಲು ಮಾಡಿದೆ. B ಕಾಲಮ್ಮಿನಲ್ಲಿ ಸೀರೆಗಳ ಸಂಖ್ಯೆ, Cಯಲ್ಲಿ ಎಷ್ಟು ಬೇರೆ ಬೇರೆ ಬಣ್ಣ, Dಯಲ್ಲಿ ಅತಿ ದುಬಾರಿ ಸೀರೆಯ ಬೆಲೆ, Eಯಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳ ಅಂತರವನ್ನು ಹೆಚ್ಚಿನ ಬೆಲೆಯಿಂದ ಭಾಗಿಸಿದ್ದು.

```
=IF(AND(B2>=6,C2=1),"ಗುಂಪು",
 IF(AND(D2>=8000,B2>=5),"ಮದುವೆ",
 IF(AND(B2>=4,E2<=0.15),"ಉಡುಗೊರೆ","ಸ್ವಂತ")))
```

ಇದರ ತಿರುಳು ಬಣ್ಣದಲ್ಲಿದೆ. ಹತ್ತು ಸೀರೆ, ಒಂದೇ ಬೆಲೆ, ಬಣ್ಣ ಬೇರೆ ಬೇರೆ ಎಂದಾದರೆ ಅದು ನೆಂಟರಿಗೆ ಕೊಡುವ ಉಡುಗೊರೆ, ಏಕೆಂದರೆ ಬೆಲೆಯಲ್ಲಿ ಭೇದ ಮಾಡಿದರೆ ಮನೆಯೊಳಗೆ ಮಾತು ಬರುತ್ತದೆ. ಹತ್ತು ಸೀರೆ, ಬಣ್ಣವೂ ಒಂದೇ ಎಂದಾದರೆ ಅದು ಭಜನಾ ಮಂಡಳಿ, ಶಾಲೆಯ ಸಿಬ್ಬಂದಿ ಅಥವಾ ಓಣಂಗೆ ಕಸವು ಸೀರೆ ಉಡುವ ಕಚೇರಿಯವರು. 8000 ಎಂಬುದು ನಮ್ಮ ಅಂಗಡಿಯ ಸರಕಿಗೆ ತಕ್ಕ ಸಂಖ್ಯೆ. ನಿಮ್ಮಲ್ಲಿ ಧಾರೆ ಸೀರೆ ಯಾವ ಬೆಲೆಯಿಂದ ಆರಂಭವಾಗುತ್ತದೆ ಎಂಬುದನ್ನು ನೋಡಿ ಬದಲಿಸಿಕೊಳ್ಳಬೇಕು.

ಸೂತ್ರವನ್ನು ನಂಬುವ ಮೊದಲು ನೂರು ಹಳೆಯ ಬಿಲ್ಲುಗಳನ್ನು ಚೀಟಿ ಎತ್ತಿದಂತೆ ಆರಿಸಿ ಆ ಮನೆಗಳಿಗೆ ಫೋನ್ ಮಾಡಿ ಕೇಳಿದೆ. ಮೊದಲ ಸುತ್ತಿನಲ್ಲಿ ಐವತ್ತೆಂಟೋ ಅರವತ್ತೋ ಮಾತ್ರ ಸರಿಯಾಗಿದ್ದವು. ತಪ್ಪಿದವುಗಳಲ್ಲಿ ಹೆಚ್ಚಿನವು ಮದುವೆಯ ಬಿಲ್ಲುಗಳೇ ಆಗಿದ್ದವು. ಮದುವೆ ಮನೆಯವರು ಒಂದು ದಿನ ಧಾರೆ ಸೀರೆ ಕೊಂಡು, ಹತ್ತು ದಿನ ಬಿಟ್ಟು ಉಡುಗೊರೆ ಸೀರೆಗಳಿಗೆ ಬರುತ್ತಾರೆ. ಹಾಗಾಗಿ ಮೊದಲನೆಯ ಬಿಲ್ಲು "ಸ್ವಂತ"ಕ್ಕೂ ಎರಡನೆಯದು "ಉಡುಗೊರೆ"ಗೂ ಬೀಳುತ್ತಿತ್ತು. ಒಂದೇ ಫೋನ್ ಸಂಖ್ಯೆಯಲ್ಲಿ 21 ದಿನಗಳೊಳಗೆ ಬಂದ ಬಿಲ್ಲುಗಳನ್ನು ಮೊದಲು ಕೂಡಿಸಿ ಆಮೇಲೆ ಸೂತ್ರ ಹಾಕಿದಾಗ ಸರಿಯಾದವು ಎಂಬತ್ತರ ಹತ್ತಿರ ಬಂದವು. ಗಂಡನ ಸಂಖ್ಯೆಯಲ್ಲಿ ಒಂದು, ಹೆಂಡತಿಯ ಸಂಖ್ಯೆಯಲ್ಲಿ ಇನ್ನೊಂದು ಬಿಲ್ಲು ಆದರೆ ಅದನ್ನು ಸೂತ್ರ ಹಿಡಿಯುವುದಿಲ್ಲ. ಅದಕ್ಕೆ ನಾನು ಬೇರೊಂದು ಗುರುತು ಬಳಸುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ.

ವಿಂಗಡಣೆ ಆದ ಮೇಲೆ ವೆಬ್‌ಸೈಟಿನ ಮುಖವೇ ಬದಲಾಯಿತು. ಉಡುಗೊರೆಗೆ ಬಂದವರಿಗೆ ಮೊದಲು ಬೆಲೆ ಬೇಕು, ಬಟ್ಟೆ ಆಮೇಲೆ. ಸ್ವಂತ ಬಳಕೆಯವರು ಬಣ್ಣ ಹೋಗುತ್ತದೆಯೇ, ಇಸ್ತ್ರಿ ಎಷ್ಟು ಬೇಕು ಎಂದು ಕೇಳುತ್ತಾರೆ. ಮದುವೆಯವರು ಚಿತ್ರ ನೋಡಿ ಕೊಳ್ಳುವುದಿಲ್ಲ. ಅವರಿಗೆ ವಿಡಿಯೋ ಕರೆ, ಜೊತೆಗೆ ಫಾಲ್, ಕುಚ್ಚು, ಬ್ಲೌಸ್ ಎಲ್ಲ ಯಾವ ದಿನಕ್ಕೆ ಸಿದ್ಧ ಎಂಬ ಮಾತು ಬೇಕು. ಗುಂಪಿನವರಿಗೆ ಬೇಕಾದದ್ದು ಒಂದೇ, ಈ ಬಣ್ಣದ್ದು ಎಷ್ಟು ಇದೆ ಎಂಬ ಸಂಖ್ಯೆ. ಅದನ್ನು ಚಿತ್ರದ ಕೆಳಗೆ ಹಾಕಿದ ತಿಂಗಳಲ್ಲೇ ಮೂರು ಮಂಡಳಿಗಳ ಆರ್ಡರು ಬಂತು. ಆದರೆ ಅದರಲ್ಲಿ ಒಂದರಲ್ಲಿ ಪೆಟ್ಟು ತಿಂದೆವು. ಹದಿನೈದು ಸೀರೆ ಒಂದು ಲಾಟಿನದ್ದು, ಏಳು ಇನ್ನೊಂದು ಲಾಟಿನದ್ದು. ಕಪಾಟಿನಲ್ಲಿ ಒಂದೇ ಕುಂಕುಮ ಬಣ್ಣವಾಗಿ ಕಂಡದ್ದು ಬಿಸಿಲಿನಲ್ಲಿ ಸಾಲಾಗಿ ನಿಂತಾಗ ಎರಡು ಬಣ್ಣವಾಯಿತು. ಏಳನ್ನೂ ವಾಪಸ್ ಪಡೆದು ಹಣ ಕೊಟ್ಟೆವು, ಸುಮಾರು 6,000 ರೂಪಾಯಿ. ಈಗ ಸಂಖ್ಯೆಯನ್ನು ಲಾಟಿನ ಪ್ರಕಾರವೇ ತೋರಿಸುತ್ತೇವೆ, ಮತ್ತು ತಡವಾಗಿ ಸೇರುವ ಸದಸ್ಯರಿಗಾಗಿ ಪ್ರತಿ ಗುಂಪಿಗೆ ಮೂರು ಸೀರೆ ಹದಿನೈದು ದಿನ ಎತ್ತಿಡುತ್ತೇವೆ.

ಭಾವನನ್ನು ಒಪ್ಪಿಸಲು ಒಂದು ಪರೀಕ್ಷೆ ಮಾಡಿದೆ. ಸುಮಾರು ನಾನೂರು ಹಳೆಯ ಗಿರಾಕಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹಿಂದಿನಂತೆ ವಯಸ್ಸಿನ ಪ್ರಕಾರ, ಇನ್ನೊಂದಕ್ಕೆ ಸಂದರ್ಭದ ಪ್ರಕಾರ ಚಿತ್ರ ಕಳುಹಿಸಿದೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256ರ ಮಿತಿ ಇರುವುದರಿಂದ ಇನ್ನೂರರ ಲೆಕ್ಕ ಅನುಕೂಲವಾಯಿತು. ನಮ್ಮ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುವುದರಿಂದ ಎರಡೂ ಪಾಲುಗಳಲ್ಲಿ ಅಂಥವರನ್ನೇ ಆರಿಸಿದ್ದೆ. ಆರು ವಾರಗಳಲ್ಲಿ ವಯಸ್ಸಿನ ಪಾಲಿನಿಂದ ಒಂಬತ್ತು ಆರ್ಡರು, ಸಂದರ್ಭದ ಪಾಲಿನಿಂದ ಇಪ್ಪತ್ತಮೂರು. ಸಂಖ್ಯೆ ಚಿಕ್ಕದು, ಆದರೂ ಭಾವ ಅಂದೇ ವಯಸ್ಸಿನ ಜಾಹೀರಾತು ನಿಲ್ಲಿಸಲು ಹೇಳಿದರು.

ಫೇಸ್‌ಬುಕ್ ಜಾಹೀರಾತಿಗೂ ಇದೇ ಪಟ್ಟಿಗಳ ಫೋನ್ ಸಂಖ್ಯೆಗಳನ್ನು ಏರಿಸಿದೆ. ಮೊದಲ ಸಲ ಅಲ್ಲಿನ ಖಾತೆಗಳೊಂದಿಗೆ ಹೊಂದಿಕೆ ಬಹಳ ಕಡಿಮೆ ಬಂತು, ಕಾರಣ ಸಂಖ್ಯೆಗಳ ಮುಂದೆ 91 ಇರಲಿಲ್ಲ. ಗುಂಪಿನ ಪಟ್ಟಿಯಲ್ಲಿ ಅರವತ್ತು ಚಿಲ್ಲರೆ ಜನ ಮಾತ್ರ ಇದ್ದುದರಿಂದ ಅಂಥವರನ್ನೇ ಹೋಲುವವರನ್ನು ಹುಡುಕುವ ಲುಕ್‌ಅಲೈಕ್ ಮಾಡಲು ಆಗಲಿಲ್ಲ, ಅದಕ್ಕೆ ಕನಿಷ್ಠ ನೂರು ಬೇಕು. ಗುಂಪಿನ ಆರ್ಡರುಗಳು ಇಂದಿಗೂ ಬಾಯಿಂದ ಬಾಯಿಗೆ ಬರುತ್ತವೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ತುಳುವರ ಆಟಿ ತಿಂಗಳು ಶುಭಕಾರ್ಯಕ್ಕೆ ಆಗುವುದಿಲ್ಲವೆಂದು ಆಗ ಮದುವೆಗಳಿಲ್ಲ, ಅಂಗಡಿ ಖಾಲಿ. ಅದರ ಮುಂದಿನ ತಿಂಗಳಾದ ಸೋಣದಲ್ಲಿ ಮದುವೆ ಇರುವ ಮನೆಗಳಿಗೆ ಆಟಿಯಲ್ಲೇ ಹತ್ತು ಶೇಕಡಾ ರಿಯಾಯಿತಿ ಕೊಟ್ಟು ಸಂದೇಶ ಕಳುಹಿಸಿದೆ. ಧಾರೆ ಸೀರೆ ಒಂದೂ ಹೋಗಲಿಲ್ಲ, ಹಿರಿಯರು ಒಪ್ಪುವುದಿಲ್ಲವೆಂದು ಹಲವರು ಹೇಳಿದರು. ಆದರೆ ಅದೇ ಮನೆಗಳವರು ಉಡುಗೊರೆ ಸೀರೆಗಳನ್ನು ಕೊಂಡರು, ಸುಮಾರು ನೂರ ಐವತ್ತು. ಹಾಗಾಗಿ ಮದುವೆಯ ಗುಂಪಿಗೆ ಈಗ ಎರಡು ಸಂದೇಶ: ಉಡುಗೊರೆಯದ್ದು ಆಟಿಯಲ್ಲಿ, ಧಾರೆಯದ್ದು ಮುಹೂರ್ತಕ್ಕೆ ಐವತ್ತು ದಿನ ಮೊದಲು. ಮುಹೂರ್ತದ ದಿನವನ್ನು ಕೇಳದೆ ತಿಳಿಯುವ ಒಂದು ಉಪಾಯವಿದೆ, ಅದು ನಮ್ಮ ಅಂಗಡಿಯಲ್ಲೇ ಇರಲಿ.

ಒಂದು ತಪ್ಪು ಇನ್ನೂ ಮನಸ್ಸನ್ನು ಚುಚ್ಚುತ್ತದೆ. ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ ಮದುವೆ ಮುರಿದುಬಿದ್ದಿತ್ತು. ನಮಗೆ ತಿಳಿದಿರಲಿಲ್ಲ, ಗುರುತು ಹಾಗೆಯೇ ಇತ್ತು, ಧಾರೆ ಸೀರೆಗಳ ಚಿತ್ರ ಹೋಯಿತು. ಆ ತಾಯಿ ಫೋನ್ ಮಾಡಿ, ಬೈಯದೆ, "ಇನ್ನು ಕಳುಹಿಸಬೇಡಿ ಮಗಾ" ಎಂದಷ್ಟೇ ಹೇಳಿದರು. ವಯಸ್ಸಿನ ಪಟ್ಟಿ ಹಳತಾದರೂ ಯಾರಿಗೂ ನೋವಾಗುವುದಿಲ್ಲ, ಸಂದರ್ಭದ ಪಟ್ಟಿ ಹಳತಾದರೆ ಆಗುತ್ತದೆ. ಆದ್ದರಿಂದ ಪ್ರತಿ ಗುರುತಿನ ಪಕ್ಕದಲ್ಲಿ ಈಗ ಒಂದು ಕೊನೆಯ ದಿನಾಂಕವಿದೆ: ಮದುವೆಗೆ 90 ದಿನ, ಗುಂಪಿಗೆ 45, ಉಡುಗೊರೆಗೆ 30. ದಿನ ದಾಟಿದರೆ ಶೀಟಿನಲ್ಲಿ ಆ ಸಾಲು ತಾನಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಮದುವೆಯ ಪಟ್ಟಿಗೆ ಸಂದೇಶ ಹೋಗುವ ಮೊದಲು ಪ್ರತಿ ಮನೆಗೂ ನಾನೇ ಒಮ್ಮೆ ಫೋನ್ ಮಾಡಿ ಮಾತನಾಡುತ್ತೇನೆ. ಹಂಗಾಮಿನಲ್ಲಿ ದಿನಕ್ಕೆ ಹದಿನೈದು ಕರೆಗಳಾಗುತ್ತವೆ, ಸಂಜೆ ನಾಲ್ಕರಿಂದ ಐದೂವರೆಯ ಸಮಯವನ್ನು ಅದಕ್ಕೆಂದೇ ಇಟ್ಟಿದ್ದೇನೆ.